ಧನ ಫಲನಕ್ಕೆ ಋಣ ಉತ್ತರ ಬಂದರೆ: ನಡುವೆ ಅಸಿಂಪ್ಟೋಟ್ ಇರುವ ಇಂಟಿಗ್ರಲ್‌ನ ದೋಷ ಹುಡುಕುವುದು

ಈ ಲೆಕ್ಕವನ್ನು ನೋಡಿ.

```
∫₀⁵ 1/(x−2)² dx = [ −1/(x−2) ]₀⁵
                = (−1/3) − (1/2)
                = −5/6
```

ಸಾಲು ಸಾಲಾಗಿ ಪರೀಕ್ಷಿಸಿದರೆ ತಪ್ಪು ಸಿಗುವುದಿಲ್ಲ. −1/(x−2) ಅನ್ನು ಡಿಫರೆನ್ಷಿಯೇಟ್ ಮಾಡಿದರೆ 1/(x−2)² ಬರುತ್ತದೆ. 5 ಹಾಕಿದರೆ −1/3, 0 ಹಾಕಿದರೆ 1/2. ಕಳೆಯುವಾಗಲೂ ಚಿಹ್ನೆ ತಪ್ಪಿಲ್ಲ. ಆದರೂ ಉತ್ತರ ಅಸಾಧ್ಯವಾದದ್ದು. ವರ್ಗವಾಗಿರುವ ಫಲನ ಎಲ್ಲೂ ಸೊನ್ನೆಗಿಂತ ಕೆಳಗೆ ಹೋಗುವುದಿಲ್ಲ, ಅಂಥದ್ದರ ಕೆಳಗಿನ ವಿಸ್ತೀರ್ಣ −5/6 ಆಗಲು ಹೇಗೆ ಸಾಧ್ಯ? 0ರಿಂದ 5ರವರೆಗೆ ಈ ಫಲನ ಮುಟ್ಟುವ ಅತಿ ಚಿಕ್ಕ ಬೆಲೆ 1/9, ಅದೂ x = 5ರಲ್ಲಿ. ಅಗಲ 5, ಎತ್ತರ ಎಲ್ಲೆಡೆ ಕನಿಷ್ಠ 1/9. ಅಂದಮೇಲೆ ವಿಸ್ತೀರ್ಣ 5/9ಕ್ಕಿಂತ ಕಡಿಮೆಯಾಗುವ ಹಾಗೇ ಇಲ್ಲ.

ದೋಷ ಹುಡುಕುವವರಿಗೆ ಇದು ಒಳ್ಳೆಯ ಮೊದಲ ಪರೀಕ್ಷೆ: ಫಲನದ ಅತಿ ಚಿಕ್ಕ ಬೆಲೆಯನ್ನು ಅಂತರದ ಉದ್ದದಿಂದ ಗುಣಿಸಿ, ಬಂದ ಉತ್ತರ ಅದಕ್ಕಿಂತ ಕೆಳಗಿದೆಯೇ ನೋಡಿ. ∫₀^π sec²x dx ಅನ್ನು tan π − tan 0 ಎಂದು ಬರೆದರೆ ಉತ್ತರ 0. ಆದರೆ sec²x ಎಲ್ಲೂ 1ಕ್ಕಿಂತ ಕಡಿಮೆಯಿಲ್ಲ, ಹಾಗಾಗಿ ಉತ್ತರ π ಆದರೂ ಆಗಬೇಕಿತ್ತು. ಇಲ್ಲೂ ಅದೇ ಕಾಯಿಲೆ: ನಡುವೆ π/2ರಲ್ಲಿ sec x ಆಕಾಶಕ್ಕೆ ಹೋಗಿದೆ, ಬರೆದವರು ಎರಡು ತುದಿ ಮಾತ್ರ ನೋಡಿದ್ದಾರೆ.

ಮುರಿದಿರುವುದು ಯಾವ ಹೆಜ್ಜೆ

ತಪ್ಪಿರುವುದು ಮೊದಲ "=" ಚಿಹ್ನೆಯಲ್ಲಿ. ∫ₐᵇ f(x) dx = F(b) − F(a) ಎಂಬುದು ಕ್ಯಾಲ್ಕುಲಸ್‌ನ ಮೂಲಭೂತ ಪ್ರಮೇಯ. ಅದಕ್ಕೆ ಒಂದು ಷರತ್ತಿದೆ. f ಎಂಬುದು a ಯಿಂದ b ವರೆಗೆ ಅವಿಚ್ಛಿನ್ನವಾಗಿರಬೇಕು, ಅಂದರೆ ಎಲ್ಲೂ ಕಡಿಯಬಾರದು. F ಕೂಡ ಆ ಇಡೀ ಅಂತರದಲ್ಲಿ, ಒಂದು ಬಿಂದುವನ್ನೂ ಬಿಡದೆ, F′ = f ಎಂಬುದನ್ನು ಪಾಲಿಸಬೇಕು. ನಮ್ಮ ಲೆಕ್ಕದಲ್ಲಿ x = 2ರಲ್ಲಿ f ಇಲ್ಲವೇ ಇಲ್ಲ, F ಕೂಡ ಇಲ್ಲ. ಪ್ರಮೇಯ ತನಗೆ ಹಕ್ಕಿರುವ ಜಾಗದಲ್ಲಿ ಮಾತ್ರ ಮಾತಾಡುತ್ತದೆ. ಇಲ್ಲಿ ಅದನ್ನು ಕೇಳುವ ಹಾಗೇ ಇರಲಿಲ್ಲ.

ಮನೆಯ ಕರೆಂಟ್ ಮೀಟರ್‌ನಿಂದ ಇದು ಚೆನ್ನಾಗಿ ತಿಳಿಯುತ್ತದೆ. ತಿಂಗಳ ಕೊನೆಯ ರೀಡಿಂಗ್‌ನಿಂದ ಮೊದಲಿನ ರೀಡಿಂಗ್ ಕಳೆದರೆ ಎಷ್ಟು ಯೂನಿಟ್ ಖರ್ಚಾಯಿತು ಎಂಬುದು ಸಿಗುತ್ತದೆ, ಆದರೆ ಇಡೀ ತಿಂಗಳು ಅದೇ ಮೀಟರ್ ಓಡಿದ್ದರೆ ಮಾತ್ರ. ತಿಂಗಳ ನಡುವೆ ಹಳೆ ಮೀಟರ್ ತೆಗೆದು ಹೊಸದು ಕೂರಿಸಿದ್ದರೆ, ಹೊಸದರ ಕೊನೆಯ ಅಂಕಿಯಿಂದ ಹಳೆಯದರ ಮೊದಲ ಅಂಕಿ ಕಳೆದು ಬಿಲ್ ಮಾಡಿದರೆ ಋಣ ಯೂನಿಟ್ ಕೂಡ ಬರಬಹುದು. ಹಳೆ ಮೀಟರ್ ತೆಗೆಯುವಾಗಿನ ರೀಡಿಂಗ್‌ವರೆಗೆ ಒಂದು ಲೆಕ್ಕ, ಹೊಸದು ಶುರುವಾದಲ್ಲಿಂದ ಇನ್ನೊಂದು ಲೆಕ್ಕ, ಆಮೇಲೆ ಕೂಡಬೇಕು. F(x) = −1/(x−2) ಎಂಬ ನಮ್ಮ ಮೀಟರ್ x = 2ಕ್ಕೆ ಎಡದಿಂದ ಹತ್ತಿರವಾದಾಗ +∞ ಕಡೆ ಏರುತ್ತದೆ, ಬಲಗಡೆ −∞ ನಿಂದ ಮತ್ತೆ ಶುರುವಾಗುತ್ತದೆ. ಎರಡು ತುದಿಯ ರೀಡಿಂಗ್‌ಗಳಲ್ಲಿ ಆ ಜಿಗಿತದ ಸುಳಿವೇ ಇರುವುದಿಲ್ಲ.

ಒಡೆದು ನೋಡಿದರೆ ಕಾಣುವುದು

x = 2ರ ಸುತ್ತ ಒಂದು ಚಿಕ್ಕ ತುಂಡನ್ನು ಬಿಟ್ಟುಬಿಡೋಣ. ಎಡಗಡೆ 2−ε ನಲ್ಲಿ ನಿಲ್ಲಿಸಿ, ಬಲಗಡೆ 2+ε ನಲ್ಲಿ ಶುರು ಮಾಡೋಣ. ಈ ಎರಡು ತುಂಡುಗಳಲ್ಲೂ ಫಲನ ಎಲ್ಲೂ ಕಡಿದಿಲ್ಲ, ಪ್ರಮೇಯವನ್ನು ಧೈರ್ಯವಾಗಿ ಬಳಸಬಹುದು.

```
ಎಡ:  ∫ 0 → 2−ε     = 1/ε − 1/2
ಬಲ:  ∫ 2+ε → 5     = 1/ε − 1/3
ಮೊತ್ತ:             = 2/ε − 5/6
```

ಮೊತ್ತದ ಕೊನೆಯಲ್ಲಿ −5/6 ಕೂತಿದೆ. ಮೊದಲಿನ ತಪ್ಪು ಉತ್ತರ ಆಕಾಶದಿಂದ ಉದುರಿದ್ದಲ್ಲ. ಅದು ನಿಜವಾದ ಲೆಕ್ಕದ ಬಾಲ. ಅದರ ಮುಂದೆ ಇದ್ದ 2/ε ಎಂಬ ಪದವನ್ನು ಯಾರಿಗೂ ಗೊತ್ತಾಗದಂತೆ ಬಿಸಾಡಲಾಗಿತ್ತು, ಮತ್ತು ಬಿಸಾಡಿದ್ದು ಚಿಕ್ಕದನ್ನಲ್ಲ. ε = 0.1 ಆದಾಗ ಮೊತ್ತ 19.17, ε = 0.01 ಆದಾಗ 199.17, ε = 0.001 ಆದಾಗ 1999.17. ε ಸೊನ್ನೆಯತ್ತ ಹೋದಂತೆ ಇದು ಎಲ್ಲೂ ನಿಲ್ಲುವುದಿಲ್ಲ. ಹಾಗಾಗಿ ಈ ಇಂಟಿಗ್ರಲ್ ಡೈವರ್ಜ್ ಆಗುತ್ತದೆ. ಅದಕ್ಕೆ ಬೆಲೆ ಇಲ್ಲ ಎಂಬುದೇ ಸರಿಯಾದ ಉತ್ತರ, ಪರೀಕ್ಷೆಯಲ್ಲೂ ಹಾಗೆಯೇ ಬರೆಯಬೇಕು.

ಇಲ್ಲಿ ಎಡ ತುಂಡೊಂದನ್ನೇ ನೋಡಿದರೂ ಸಾಕಿತ್ತು. 1/ε − 1/2 ಮೇಲೇರುತ್ತಲೇ ಹೋಗುತ್ತದೆ ಎಂದು ಕಂಡ ಕೂಡಲೇ ಬಲ ತುಂಡನ್ನು ಮುಟ್ಟುವ ಅಗತ್ಯವಿಲ್ಲ. ಒಂದು ತುಂಡು ಡೈವರ್ಜ್ ಆದರೆ ಇಡೀ ಇಂಟಿಗ್ರಲ್ ಡೈವರ್ಜ್ ಆದ ಹಾಗೆ.

ಲಕ್ಷಣವೇ ಕಾಣದ ರೋಗ

ಧನ ಫಲನಕ್ಕೆ ಋಣ ಉತ್ತರ ಬಂದಾಗ ಯಾರಾದರೂ ಅನುಮಾನಪಡುತ್ತಾರೆ. ನನಗೆ ಹೆಚ್ಚು ಅಪಾಯಕಾರಿ ಅನ್ನಿಸುವುದು ವರ್ಗ ಇಲ್ಲದ ಇದರ ತಮ್ಮ.

```
∫₀⁵ 1/(x−2) dx = [ ln|x−2| ]₀⁵ = ln 3 − ln 2 = ln 1.5 ≈ 0.405
```

ಈ ಉತ್ತರ ನೋಡಲು ಸಭ್ಯವಾಗಿದೆ. ಫಲನ 2ರ ಎಡಕ್ಕೆ ಋಣ, ಬಲಕ್ಕೆ ಧನ, ಬಲಗಡೆ ಅಂತರ ಸ್ವಲ್ಪ ಹೆಚ್ಚು ಉದ್ದ, ಹಾಗಾಗಿ ಚಿಕ್ಕ ಧನ ಸಂಖ್ಯೆ ಬಂತು ಎಂದು ಯಾರಾದರೂ ಸಮಾಧಾನ ಮಾಡಿಕೊಳ್ಳಬಹುದು. ಕನಿಷ್ಠ ಬೆಲೆಯ ಪರೀಕ್ಷೆ ಇಲ್ಲಿ ಕೈಕೊಡುತ್ತದೆ. ಒಡೆದು ನೋಡದೆ ಬೇರೆ ದಾರಿಯಿಲ್ಲ.

ಈ ಸಲ ಎಡಗಡೆ ε ದೂರದಲ್ಲಿ ನಿಲ್ಲಿಸೋಣ, ಬಲಗಡೆ δ ದೂರದಿಂದ ಶುರು ಮಾಡೋಣ. ಎರಡೂ ಒಂದೇ ಆಗಿರಬೇಕೆಂದು ಯಾರೂ ಹೇಳಿಲ್ಲ.

```
ಎಡ:    ln ε − ln 2
ಬಲ:    ln 3 − ln δ
ಮೊತ್ತ:  ln 1.5 + ln(ε/δ)
```

ಎರಡೂ ಅಂಚುಗಳು ಒಂದೇ ವೇಗದಲ್ಲಿ 2ರ ಕಡೆಗೆ ಬಂದರೆ, ಅಂದರೆ ε = δ ಆದರೆ, ln(ε/δ) ಮಾಯವಾಗಿ 0.405 ಸಿಗುತ್ತದೆ. δ ಯಾವಾಗಲೂ ε ಯ ಎರಡರಷ್ಟು ಎಂದು ಇಟ್ಟರೆ ಉತ್ತರ ln 0.75, ಅಂದರೆ −0.288. ತಿರುಗಿಸಿ ε ಯನ್ನು δ ಯ ಎರಡರಷ್ಟು ಮಾಡಿದರೆ ln 3, ಅಂದರೆ 1.099. ನಿಮಗೆ 100 ಬೇಕೆಂದರೆ ಅದಕ್ಕೂ ಒಂದು ಅನುಪಾತ ಇದೆ. ಹೇಗೆ ಹತ್ತಿರವಾದೆವು ಎಂಬುದರ ಮೇಲೆ ಉತ್ತರ ನಿಂತಿದ್ದರೆ, ಅದು ಫಲನದ ಗುಣವಲ್ಲ, ನಮ್ಮ ಆಯ್ಕೆಯ ಗುಣ.

ಒಡೆಯಬೇಕು ಎಂಬ ನಿಯಮದ ಜೀವ ಇರುವುದು ಇಲ್ಲಿ. ಒಡೆಯುವುದೆಂದರೆ ಬರೀ ಎರಡು ಸಾಲಿನಲ್ಲಿ ಬರೆಯುವುದಲ್ಲ. ಪ್ರತಿ ತುಂಡಿಗೂ ತನ್ನದೇ ಲಿಮಿಟ್ ಕೊಡುವುದು, ಒಂದಕ್ಕೊಂದು ಗಂಟು ಹಾಕದೆ. ಎಡದ ಲಿಮಿಟ್ ತಾನಾಗಿ ಒಂದು ಸಂಖ್ಯೆಗೆ ಹೋಗಬೇಕು, ಬಲದ್ದೂ ತಾನಾಗಿ ಒಂದು ಸಂಖ್ಯೆಗೆ ಹೋಗಬೇಕು, ಆಮೇಲಷ್ಟೇ ಕೂಡುವ ಮಾತು. ಒಡೆದಿದ್ದೇನೋ ನಿಜ, ಆದರೆ ಎರಡೂ ಕಡೆ ಒಂದೇ ε ಹಾಕಿ, ಮೊದಲು ಕೂಡಿ, ನಂತರ ಲಿಮಿಟ್ ತೆಗೆದುಕೊಂಡರೆ ರೋಗ ಹಾಗೇ ಉಳಿಯುತ್ತದೆ. ಮೊದಲ ಲೆಕ್ಕದಲ್ಲಿ ನಾನು ಒಂದೇ ε ಬಳಸಿದ್ದು ಪಾರಾಯಿತು, ಏಕೆಂದರೆ ಅಲ್ಲಿ ಎರಡೂ ಕಡೆ +∞, ಒಂದು ಇನ್ನೊಂದನ್ನು ಅಳಿಸುವ ಪ್ರಶ್ನೆಯೇ ಇರಲಿಲ್ಲ. ಇಲ್ಲಿ ಎಡ −∞, ಬಲ +∞, ಅವೆರಡನ್ನೂ ಕೂಡಿ ಸೊನ್ನೆ ಎನ್ನುವಂತಿಲ್ಲ.

ε = δ ಎಂದು ಬೇಕೆಂದೇ ಇಟ್ಟು ಪಡೆಯುವ 0.405ಕ್ಕೂ ಒಂದು ಗೌರವದ ಸ್ಥಾನವಿದೆ. ಅದಕ್ಕೆ ಕೋಶಿ ಪ್ರಿನ್ಸಿಪಲ್ ವ್ಯಾಲ್ಯೂ ಎನ್ನುತ್ತಾರೆ. ಫ್ರೆಂಚ್ ಗಣಿತಜ್ಞ ಕೋಶಿ 19ನೇ ಶತಮಾನದ ಮೊದಲ ದಶಕಗಳಲ್ಲಿ ಈ ಬಗೆಯ ಇಂಟಿಗ್ರಲ್‌ಗಳನ್ನು ಶಿಸ್ತಿಗೆ ತಂದವರು. ಸಿಗ್ನಲ್ ಪ್ರೊಸೆಸಿಂಗ್‌ನ ಹಿಲ್ಬರ್ಟ್ ಟ್ರಾನ್ಸ್‌ಫಾರ್ಮ್ ಈ ಪ್ರಿನ್ಸಿಪಲ್ ವ್ಯಾಲ್ಯೂ ಮೇಲೆಯೇ ನಿಂತಿದೆ. ಆದರೆ ಅಲ್ಲಿ ಅದನ್ನು ಹೆಸರಿಟ್ಟು, "P.V." ಎಂದು ಇಂಟಿಗ್ರಲ್ ಮುಂದೆ ಬರೆದು ಬಳಸುತ್ತಾರೆ. ಬರಿಯ ∫ ಚಿಹ್ನೆ ಇದ್ದಾಗ ಆ ಅರ್ಥ ಕೊಡಲು ನಮಗೆ ಅಧಿಕಾರವಿಲ್ಲ.

ಕಂಪ್ಯೂಟರ್‌ನಲ್ಲಿ ದೋಷ ಹೇಗೆ ಕಾಣುತ್ತದೆ

ಅಂತರವನ್ನು n ಸಮ ಪಟ್ಟಿಗಳಾಗಿ ಕತ್ತರಿಸಿ, ಪ್ರತಿ ಪಟ್ಟಿಯ ನಡುಬಿಂದುವಿನ ಎತ್ತರ ತೆಗೆದುಕೊಳ್ಳುವ ಸರಳ ವಿಧಾನವೇ ಪತ್ತೆಗೆ ಸಾಕು.

```python
def mid(f, a, b, n):
    h = (b - a) / n
    return h * sum(f(a + (k + 0.5) * h) for k in range(n))

for n in (10, 20, 40, 80):
    print(n, round(mid(lambda x: 1/(x-2)**2, 0, 5, n), 2))

for n in (10, 11, 12):
    print(n, round(mid(lambda x: 1/(x-2), 0, 5, n), 2))
```

ಮೊದಲ ಫಲನಕ್ಕೆ 18.91, 38.65, 78.12, 157.08 ಬರುತ್ತದೆ. n ದುಪ್ಪಟ್ಟಾದರೆ ಉತ್ತರವೂ ಹೆಚ್ಚು ಕಡಿಮೆ ದುಪ್ಪಟ್ಟು. ಪಟ್ಟಿ ಸಣ್ಣದಾದಷ್ಟೂ ಸರಿಯಾದ ಬೆಲೆಗೆ ಹತ್ತಿರವಾಗಬೇಕಾದ ವಿಧಾನ ಹೀಗೆ ಓಡಿಹೋಗುತ್ತಿದ್ದರೆ ಒಳಗೆ ಎಲ್ಲೋ ಡೈವರ್ಜ್ ಆಗುತ್ತಿದೆ ಎಂದೇ ತಿಳಿಯಬೇಕು.

ಎರಡನೆಯ ಫಲನದ್ದು ಇನ್ನೂ ಪಾಠ ಕಲಿಸುವಂಥದ್ದು. n = 10ಕ್ಕೆ 0.40 ಬಂದು, ನೋಡಿ ln 1.5 ಸರಿಯೇ ಇದೆ ಎಂದು ನಂಬಿಸುತ್ತದೆ. n = 11ಕ್ಕೆ 10.07. n = 12ಕ್ಕೆ −1.88. ಕಾರಣ ಸರಳ: n = 10 ಆದಾಗ ಪಟ್ಟಿಯ ಗೆರೆಯೊಂದು ಸರಿಯಾಗಿ x = 2ರ ಮೇಲೆ ಬೀಳುತ್ತದೆ, ನಡುಬಿಂದುಗಳು ಎರಡೂ ಕಡೆ ಸಮ ದೂರದಲ್ಲಿ ಕೂತು ಒಂದನ್ನೊಂದು ಅಳಿಸುತ್ತವೆ. ಅಂದರೆ ನಮಗೆ ತಿಳಿಯದಂತೆ ε = δ ಆಯಿತು. n = 11 ಆದಾಗ ಒಂದು ನಡುಬಿಂದು 2ರ ಬಲಕ್ಕೆ ತೀರಾ ಹತ್ತಿರ ಬಿದ್ದು, ಅದೊಂದೇ ಪಟ್ಟಿ ಮೊತ್ತಕ್ಕೆ 10 ಸೇರಿಸುತ್ತದೆ. ಹಾಗಾಗಿ n ಅನ್ನು ದುಪ್ಪಟ್ಟು ಮಾಡುತ್ತಾ ಹೋಗುವ ಪರೀಕ್ಷೆ ಮಾತ್ರ ಸಾಲದು. 10, 20, 40 ಎಂದರೆ ಪ್ರತಿ ಸಲವೂ ಗೆರೆ 2ರ ಮೇಲೆಯೇ ಬಿದ್ದು ಮೋಸ ಮುಂದುವರಿಯುತ್ತದೆ. n ಅನ್ನು ಒಂದೊಂದಾಗಿ ಏರಿಸಿ ನೋಡಬೇಕು.

ಒಡೆದ ಮೇಲೆ ಬದುಕುಳಿಯುವ ಇಂಟಿಗ್ರಲ್‌ಗಳು

ನಡುವೆ ಅಸಿಂಪ್ಟೋಟ್ ಇದೆ ಎಂದ ಮಾತ್ರಕ್ಕೆ ಡೈವರ್ಜ್ ಎಂದು ಬರೆದು ಕೈತೊಳೆದುಕೊಳ್ಳುವುದೂ ತಪ್ಪೇ. ಎಷ್ಟು ವೇಗವಾಗಿ ಏರುತ್ತದೆ ಎಂಬುದೇ ನಿರ್ಣಾಯಕ. x = c ಹತ್ತಿರ ಫಲನ 1/|x−c|ᵖ ಯಂತೆ ವರ್ತಿಸಿದರೆ, p < 1 ಇದ್ದಾಗ ಎರಡೂ ಬದಿ ಕನ್ವರ್ಜ್ ಆಗುತ್ತವೆ, p ≥ 1 ಆದರೆ ಡೈವರ್ಜ್. ಆಂಟಿಡೆರಿವೇಟಿವ್‌ನಲ್ಲಿ ಘಾತ 1−p ಆಗುತ್ತದೆ. ಅದು ಧನವಾದರೆ ε ಸೊನ್ನೆಗೆ ಹೋದಾಗ ಆ ಪದವೂ ಸೊನ್ನೆಗೆ ಹೋಗುತ್ತದೆ, ಋಣವಾದರೆ ಸಿಡಿಯುತ್ತದೆ, p = 1ರಲ್ಲಿ ಲಾಗರಿದಮ್ ಬರುತ್ತದೆ.

∫₁¹⁰ (x−2)^(−1/3) dx ತೆಗೆದುಕೊಳ್ಳಿ. ಆಂಟಿಡೆರಿವೇಟಿವ್ (3/2)(x−2)^(2/3). ಎಡ ತುಂಡು 1ರಿಂದ 2ರವರೆಗೆ −3/2, ಬಲ ತುಂಡು 2ರಿಂದ 10ರವರೆಗೆ 6, ಒಟ್ಟು 9/2. ಒಡೆಯದೆ ನೇರವಾಗಿ ತುದಿಗಳನ್ನು ಹಾಕಿದ್ದರೂ (3/2)(4 − 1) = 9/2 ಬರುತ್ತಿತ್ತು. ಹಾಗಾದರೆ ಒಡೆದದ್ದು ದಂಡವೇ ಎಂದು ಕೇಳಿದರೆ, ಅಲ್ಲ. ಇಲ್ಲಿ F ಎಂಬುದು x = 2ರಲ್ಲಿ ಕಡಿಯದೆ ಸಾಗುತ್ತದೆ, ಎಡದಿಂದ ಬಂದರೂ ಬಲದಿಂದ ಬಂದರೂ ಬೆಲೆ 0. ಹಾಗಾಗಿ ನಡುವಿನ ಎರಡು ರೀಡಿಂಗ್‌ಗಳು ಒಂದನ್ನೊಂದು ನ್ಯಾಯವಾಗಿಯೇ ರದ್ದು ಮಾಡಿದವು. ಆದರೆ ಹಾಗೆ ಆಯಿತು ಎಂಬುದು ಗೊತ್ತಾಗುವುದೇ ಒಡೆದು ನೋಡಿದ ಮೇಲೆ.

ಇದನ್ನು ಪೈಥಾನ್‌ನಲ್ಲಿ ತಾಳೆ ನೋಡುವವರಿಗೆ ಒಂದು ಎಚ್ಚರಿಕೆ. `(x-2)**(-1/3)` ಎಂದು ಬರೆದರೆ x < 2 ಇರುವಲ್ಲಿ ಕಾಂಪ್ಲೆಕ್ಸ್ ಸಂಖ್ಯೆ ಬರುತ್ತದೆ, ನಂಪೈ ಅರೇ ಆದರೆ `nan` ಬರುತ್ತದೆ. `1/np.cbrt(x-2)` ಎಂದು ಬರೆಯಿರಿ. `scipy.integrate.quad` ಬಳಸುವಾಗ `points=[2]` ಕೊಟ್ಟರೆ ಎಲ್ಲಿ ಒಡೆಯಬೇಕೆಂದು ಅದಕ್ಕೆ ತಿಳಿಸಿದಂತಾಗುತ್ತದೆ.

ಕನ್ವರ್ಜ್ ಆದರೂ ನೇರ ದಾರಿ ತಪ್ಪು ಉತ್ತರ ಕೊಡುವ ಉದಾಹರಣೆಯೂ ಇದೆ: ∫₁⁶ 1/√|x−2| dx. 2√|x−2| ಎಂದು ಬರೆದು ತುದಿಗಳನ್ನು ಹಾಕಿದರೆ 4 − 2 = 2. ಸರಿ ಉತ್ತರ 6. ಎಡ ತುಂಡು 2, ಬಲ ತುಂಡು 4. 2ರ ಎಡಕ್ಕೆ 2√|x−2| ಇಳಿಯುತ್ತಾ ಬರುತ್ತದೆ, ಅದರ ಡೆರಿವೇಟಿವ್ ಋಣ. ಅಲ್ಲಿ ಬೇಕಾದ ಆಂಟಿಡೆರಿವೇಟಿವ್ −2√(2−x). ಒಡೆದು ಬರೆದವರು ಪ್ರತಿ ತುಂಡಿಗೂ ಪ್ರತ್ಯೇಕವಾಗಿ F ಹುಡುಕುವುದರಿಂದ ಈ ಹಳ್ಳಕ್ಕೆ ಬೀಳುವುದು ಕಷ್ಟ. ಕನಿಷ್ಠ ಬೆಲೆಯ ಪರೀಕ್ಷೆಯೂ ಇದನ್ನು ಹಿಡಿಯುತ್ತದೆ: ಫಲನದ ಕನಿಷ್ಠ ಬೆಲೆ x = 6ರಲ್ಲಿ 1/2, ಉದ್ದ 5, ಅಂದಮೇಲೆ ಉತ್ತರ 2.5ಕ್ಕಿಂತ ಕಡಿಮೆಯಾಗುವಂತಿಲ್ಲ.

ಅಡಗಿರುವ ಅಸಿಂಪ್ಟೋಟ್, ಸುಳ್ಳು ಅಸಿಂಪ್ಟೋಟ್

ಛೇದ x−2 ಎಂದು ಮುಖಕ್ಕೆ ಹೊಡೆದಂತೆ ಇದ್ದರೆ ಸುಲಭ. 1/(x²−5x+6) ಎಂದಿದ್ದರೆ ಅಪವರ್ತಿಸುವವರೆಗೆ ಕಾಣುವುದಿಲ್ಲ: (x−2)(x−3), ಅಂದರೆ 0ರಿಂದ 5ರ ಒಳಗೆ ಎರಡು ಅಸಿಂಪ್ಟೋಟ್. ಆಗ ಮೂರು ತುಂಡು ಸಾಲದು, ಏಕೆಂದರೆ 2ರಿಂದ 3ರವರೆಗಿನ ತುಂಡಿಗೆ ಎರಡೂ ತುದಿಯಲ್ಲಿ ತೊಂದರೆ. ನಡುವೆ 2.5ರಲ್ಲೋ ಇನ್ನೆಲ್ಲೋ ಇನ್ನೊಂದು ಗೆರೆ ಎಳೆದು, ಪ್ರತಿ ತುಂಡಿಗೂ ಒಂದೇ ಕೆಟ್ಟ ತುದಿ ಇರುವಂತೆ ನಾಲ್ಕಾಗಿ ಮಾಡಬೇಕು. tan, sec ಇದ್ದಲ್ಲಿ cos x ಎಲ್ಲಿ ಸೊನ್ನೆಯಾಗುತ್ತದೆ ನೋಡಿ, ln ಇದ್ದಲ್ಲಿ ಅದರ ಒಳಗಿರುವುದು ಎಲ್ಲಿ ಸೊನ್ನೆಯಾಗುತ್ತದೆ ನೋಡಿ. ln|x| ಗೆ x = 0ರಲ್ಲಿ ಅಸಿಂಪ್ಟೋಟ್ ಇದೆ, ಆದರೂ −1ರಿಂದ 1ರವರೆಗೆ ಎರಡು ತುಂಡೂ −1 ಕೊಟ್ಟು ಒಟ್ಟು −2 ಆಗಿ ಕನ್ವರ್ಜ್ ಆಗುತ್ತದೆ.

ಛೇದ ಸೊನ್ನೆಯಾದ ಕಡೆಯಲ್ಲೆಲ್ಲ ಅಸಿಂಪ್ಟೋಟ್ ಇರಲೇಬೇಕೆಂದೂ ಇಲ್ಲ. (x²−4)/(x−2) ಗೆ x = 2ರಲ್ಲಿ ಬರೀ ಒಂದು ತೂತು, ಉಳಿದಂತೆ ಅದು x+2. ಲಿಮಿಟ್ ತೆಗೆದು ನೋಡಿ, ಸಾಂತ ಸಂಖ್ಯೆ ಬಂದರೆ ಒಡೆಯುವ ಅಗತ್ಯವಿಲ್ಲ.

ಕೊನೆಯದಾಗಿ, ಫಲನ ಪೂರ್ತಿ ಆರೋಗ್ಯವಾಗಿದ್ದು ನಾವು ಬಳಸಿದ F ಮಾತ್ರ ಕಡಿದಿರುವ ಸಂದರ್ಭ. ∫₀^(2π) dx/(2 + cos x) ನಲ್ಲಿ ಛೇದ ಎಲ್ಲೂ 1ಕ್ಕಿಂತ ಕೆಳಗಿಳಿಯುವುದಿಲ್ಲ, ಅಸಿಂಪ್ಟೋಟ್ ಇಲ್ಲವೇ ಇಲ್ಲ. t = tan(x/2) ಎಂಬ ಹೆಸರಾಂತ ಆದೇಶ ಬಳಸಿದರೆ F(x) = (2/√3) arctan( tan(x/2)/√3 ) ಸಿಗುತ್ತದೆ. 0 ಹಾಕಿದರೂ 0, 2π ಹಾಕಿದರೂ 0, ಉತ್ತರ 0 ಎಂದು ಬಂದುಬಿಡುತ್ತದೆ. ಧನ ಫಲನಕ್ಕೆ ಸೊನ್ನೆ ವಿಸ್ತೀರ್ಣ ಎಂದರೆ ಮತ್ತೆ ಅದೇ ಲಕ್ಷಣ. ಈ ಸಲ ಅಸಿಂಪ್ಟೋಟ್ ಕೂತಿರುವುದು ಆದೇಶದಲ್ಲಿ: x = π ನಲ್ಲಿ tan(x/2) ಸಿಡಿದು, F ಅಲ್ಲಿ π/√3 ನಿಂದ −π/√3 ಗೆ ಧುಮುಕುತ್ತದೆ. π ನಲ್ಲಿ ಒಡೆದರೆ ಎಡ ತುಂಡು π/√3, ಬಲ ತುಂಡೂ π/√3, ಒಟ್ಟು 2π/√3, ಸುಮಾರು 3.63. ಫಲನ 1/3 ಮತ್ತು 1ರ ನಡುವೆ ಇರುವುದರಿಂದ ಉತ್ತರ 2.09 ಮತ್ತು 6.28ರ ನಡುವೆ ಬರಬೇಕು, ಬಂದಿದೆ.